ಸರದಿಯಲ್ಲಿರುವ ಪಠ್ಯವನ್ನು ಓದುವ ಕ್ರಮ ಮತ್ತು ತಿದ್ದಬಾರದ ಸಂಗತಿಗಳು

ಗಡಿಯಾಚೆಯ ಕನ್ನಡ ಸಮುದಾಯಗಳಿಂದ ಬರುವ ಸಂದರ್ಶನಗಳು, ಊರಿನ ನೆನಪುಗಳು, ಪದಪಟ್ಟಿಗಳು ಪ್ರಕಟವಾಗುವುದಕ್ಕೆ ಮುನ್ನ ಒಂದು ಸರದಿಯಲ್ಲಿ ಕಾಯುತ್ತವೆ. ಆ ಸರದಿಯನ್ನು ಮೊದಲು ಓದುವವರು ಸಾಮಾನ್ಯವಾಗಿ ಹೊಸದಾಗಿ ಸೇರಿದ ಇಂಟರ್ನ್‌ಗಳು. ಅವರಲ್ಲಿ ಹೆಚ್ಚಿನವರು ಕನ್ನಡ ಸಾಹಿತ್ಯವನ್ನು ಚೆನ್ನಾಗಿ ಓದಿಕೊಂಡವರು, ಕಾಗುಣಿತದ ತಪ್ಪನ್ನು ಕಂಡೊಡನೆ ಗುರುತಿಸಬಲ್ಲವರು. ಈ ಕೆಲಸದಲ್ಲಿ ತೊಂದರೆ ಆರಂಭವಾಗುವುದೂ ಅಲ್ಲಿಂದಲೇ. ಶಿಷ್ಟ ಕನ್ನಡದ ಕಣ್ಣಿಗೆ ತಪ್ಪಾಗಿ ಕಾಣುವ ರೂಪವು ಮಾತನಾಡಿದವರ ಕನ್ನಡದಲ್ಲಿ ನಿಯಮಬದ್ಧವಾದ ರೂಪವಾಗಿರಬಹುದು. ಅದನ್ನು ತಿದ್ದಿದಾಗ ಹುಟ್ಟುವ ವಾಕ್ಯ ಓದಲು ಸರಾಗವಾಗಿರುತ್ತದೆ. ಆದರೆ ಅದು ಬೇರೆಯ ಅರ್ಥವನ್ನು ಹೇಳುತ್ತದೆ, ಮತ್ತು ಹಾಗಾಗಿದೆ ಎಂಬುದರ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಹೊಸಬರಿಗೆ ಕಲಿಸಬೇಕಾದ ಮೊದಲ ಸಂಗತಿ ಇದು. ಮಾತಿನ ಧ್ವನಿಮುದ್ರಣದಿಂದ ಇಳಿಸಿದ ಬರಹವನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಇಲ್ಲಿ ವಿವರಿಸಲಾಗಿದೆ.

ಸರದಿಯ ಒಂದು ದಾಖಲೆ ಎಂದರೆ ಕೇವಲ ಒಂದು ಪುಟದ ಬರಹವಲ್ಲ. ಅದರಲ್ಲಿ ನಾಲ್ಕು ಭಾಗಗಳಿರಬೇಕು: ಮಾತನಾಡಿದವರ ಒಪ್ಪಿಗೆ ಪತ್ರ, ಊರು, ವಯಸ್ಸು, ಮನೆಮಾತು, ಮುದ್ರಿಸಿದ ದಿನ ಮುಂತಾದವುಗಳ ವಿವರಪಟ್ಟಿ, ಧ್ವನಿಕಡತ, ಮತ್ತು ಅದರಿಂದ ಇಳಿಸಿದ ಬರಹರೂಪ. ಹೊಸಬರು ಸಹಜವಾಗಿ ಬರಹರೂಪವನ್ನೇ ಮೊದಲು ತೆರೆಯುತ್ತಾರೆ. ತೆರೆಯಬೇಕಾದದ್ದು ಕೊನೆಯಲ್ಲಿ. ಮೊದಲು ಒಪ್ಪಿಗೆ ಪತ್ರವನ್ನು ಓದಬೇಕು. ಏಕೆಂದರೆ ಹೆಸರು ಹಾಕಬಾರದು, ಇಂಥ ಭಾಗವನ್ನು ಪ್ರಕಟಿಸಬಾರದು ಎಂಬ ಷರತ್ತುಗಳು ಅಲ್ಲಿರುತ್ತವೆ. ಅವುಗಳನ್ನು ಸಡಿಲಿಸುವ ಅಧಿಕಾರ ಮಾತನಾಡಿದವರಿಗಲ್ಲದೆ ಬೇರೆ ಯಾರಿಗೂ ಇಲ್ಲ. ಎರಡನೆಯದಾಗಿ ವಿವರಪಟ್ಟಿಯನ್ನು ನೋಡಿ, ಮಾತನಾಡಿದವರು ಯಾವ ಊರಿನವರು, ಮನೆಯಲ್ಲಿ ಯಾವ ಮಾತನ್ನು ಆಡುವವರು ಎಂದು ತಿಳಿದುಕೊಳ್ಳಬೇಕು. ಮೂರನೆಯದಾಗಿ ಬರಹವನ್ನು ನೋಡದೆ ಧ್ವನಿಯನ್ನು ಒಮ್ಮೆ ಪೂರ್ತಿಯಾಗಿ ಕೇಳಬೇಕು. ಬರಹವನ್ನು ಮೊದಲೇ ಓದಿದವರ ಕಿವಿಗೆ ಓದಿದ್ದೇ ಕೇಳಿಸುತ್ತದೆ, ಆಡಿದ್ದು ಕೇಳಿಸುವುದಿಲ್ಲ. ಈ ಮೂರೂ ಮುಗಿದ ಬಳಿಕವೇ ಬರಹರೂಪಕ್ಕೆ ಬರಬೇಕು.

ಬರಹರೂಪವನ್ನು ಮೂರು ಅಂಕಣಗಳಲ್ಲಿ ಇಡುವುದು ಒಳ್ಳೆಯ ಪದ್ಧತಿ. ಮೊದಲನೆಯದು ಮೂಲ: ಆಡಿದ್ದು ಆಡಿದಂತೆಯೇ. ಎರಡನೆಯದು ಶಿಷ್ಟರೂಪ: ಬೇರೆ ಪ್ರದೇಶದ ಓದುಗರಿಗಾಗಿ. ಮೂರನೆಯದು ಟಿಪ್ಪಣಿ: ಅನುಮಾನ, ವಿವರಣೆ, ಚರಿತ್ರೆಯ ಸಂಗತಿ. ಇಂಟರ್ನ್‌ನ ಕೈಗೆ ಎರಡನೆಯ ಮತ್ತು ಮೂರನೆಯ ಅಂಕಣಗಳು ಪೂರ್ತಿಯಾಗಿ ಸೇರಿವೆ. ಮೊದಲನೆಯದನ್ನು ಮುಟ್ಟುವಂತಿಲ್ಲ. ಇದನ್ನು ನಿಯಮವೆಂದು ಬಾಯಿಪಾಠ ಮಾಡಿಸಿದರೆ ಅದು ಎರಡು ವಾರ ಉಳಿಯುತ್ತದೆ. ಏಕೆ ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸಿದರೆ ಹೆಚ್ಚು ಕಾಲ ಉಳಿಯುತ್ತದೆ.

ಕೆಳಗಿನ ಭಾಗವನ್ನು ಅಭ್ಯಾಸಕ್ಕಾಗಿಯೇ ಕಟ್ಟಲಾಗಿದೆ. ಇದು ಯಾವುದೇ ಒಬ್ಬ ವ್ಯಕ್ತಿಯ ಮಾತಲ್ಲ. ಇದರ ಭಾಷೆ ಕಾಸರಗೋಡು ಭಾಗದ ಹವ್ಯಕ ಕನ್ನಡ. ಕರ್ನಾಟಕದಿಂದ ಹೋದ ಸಂಗ್ರಾಹಕರೊಬ್ಬರು ಕೇಳಿದ ಪ್ರಶ್ನೆಗೆ ಬಂದ ಉತ್ತರವೆಂದು ಇದನ್ನು ಭಾವಿಸಿಕೊಳ್ಳಬೇಕು.

ಪ್ರಶ್ನೆ: ನಿಮ್ಮ ಊರಿನ ಜಿಲ್ಲೆ ಬದಲಾದದ್ದು ಯಾವಾಗ?

ಉತ್ತರ: ಐವತ್ತೇಳರಲ್ಲಿ ಎಂಗೊ ಕಣ್ಣೂರಿಂಗೆ ಸೇರಿದೆಯೊ°. ಅಪ್ಪ° ಕಾಗದಪತ್ರ ತಪ್ಪಲೆ ಹೊಸದುರ್ಗಕ್ಕೆ ಹೋದ°. ಅಬ್ಬೆ ಬೇಡ ಹೇಳಿ ಹೇಳಿತ್ತು.

ಈ ಮೂರು ವಾಕ್ಯಗಳನ್ನು ಶ್ರದ್ಧೆಯುಳ್ಳ ಹೊಸಬರೊಬ್ಬರು ಮೂಲದ ಅಂಕಣದಲ್ಲೇ ತಿದ್ದಿದರೆ ಫಲಿತಾಂಶ ಹೆಚ್ಚುಕಡಿಮೆ ಹೀಗಿರುತ್ತದೆ:

1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅಪ್ಪ ಕಾಗದಪತ್ರ ತಪ್ಪದೆ ಹೊಸದುರ್ಗಕ್ಕೆ (ಚಿತ್ರದುರ್ಗ ಜಿಲ್ಲೆ) ಹೋದ. ಅಮ್ಮ ಬೇಡವೆಂದು ಹೇಳಿದ್ದಳು.

ಈ ತಿದ್ದುಪಡಿಯಲ್ಲಿ ವ್ಯಾಕರಣದ ತಪ್ಪಿಲ್ಲ. ಕಡತವನ್ನು ಮುಂದೆ ಓದುವ ಸಂಪಾದಕರಿಗೆ ಅನುಮಾನ ಹುಟ್ಟಿಸುವ ಅಂಶವೂ ಇಲ್ಲ. ಆದರೂ ಮೂರು ವಾಕ್ಯಗಳಲ್ಲಿ ಒಂದೂ ಮಾತನಾಡಿದವರದ್ದಾಗಿ ಉಳಿದಿಲ್ಲ. ಒಂದೊಂದನ್ನಾಗಿ ನೋಡೋಣ.

ಮೊದಲು ‘ಎಂಗೊ’ ಎಂಬ ಪದ. ಶಿಷ್ಟ ಕನ್ನಡದಲ್ಲಿ ಉತ್ತಮ ಪುರುಷ ಬಹುವಚನಕ್ಕೆ ‘ನಾವು’ ಎಂಬ ಒಂದೇ ರೂಪವಿದೆ. ಎದುರಿಗಿರುವವರು ಅದರಲ್ಲಿ ಸೇರಿದ್ದಾರೋ ಇಲ್ಲವೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು. ಹವ್ಯಕ ಕನ್ನಡದಲ್ಲಿ ಎರಡು ರೂಪಗಳಿವೆ. ಕೇಳುವವರನ್ನೂ ಸೇರಿಸಿ ಹೇಳುವಾಗ ‘ನಾವು’, ಅವರನ್ನು ಬಿಟ್ಟು ಹೇಳುವಾಗ ‘ಎಂಗೊ’. ತಮಿಳು, ಮಲಯಾಳ, ತೆಲುಗುಗಳಲ್ಲಿಯೂ ಈ ಭೇದ ಇಂದಿಗೂ ಇದೆ. ಆದುದರಿಂದ ‘ಎಂಗೊ’ ಎಂಬುದನ್ನು ‘ನಾವು’ ಎಂದು ಬದಲಿಸಿದರೆ ಆಗುವುದು ಉಪಭಾಷೆಯ ಪದಕ್ಕೆ ಶಿಷ್ಟ ಪದವನ್ನು ಇಟ್ಟಷ್ಟೇ ಅಲ್ಲ. ‘ನಾವು’ ಆ ಮಾತಿನಲ್ಲಿಯೂ ಇರುವ ಪದ. ಅಲ್ಲಿ ಅದರ ಅರ್ಥ ವಿರುದ್ಧವಾದದ್ದು. ಕರ್ನಾಟಕದಿಂದ ಬಂದ ಸಂಗ್ರಾಹಕರಿಗೆ ಮಾತನಾಡಿದವರು ಹೇಳಿದ್ದು ‘ನೀವಲ್ಲ, ನಾವು ಆಚೆಗೆ ಸೇರಿದೆವು’ ಎಂದು. ಗಡಿಯ ಅನುಭವವೆಲ್ಲ ಆ ಒಂದು ಸರ್ವನಾಮದಲ್ಲಿದೆ. ಅದನ್ನು ತಿದ್ದಿದ ಮೇಲೆ ಆ ಭಾಗದ ಓದುಗರಿಗೆ ಸಂಗ್ರಾಹಕರೂ ಕಣ್ಣೂರಿಗೆ ಸೇರಿದರು ಎಂಬ ಅರ್ಥವಾಗುತ್ತದೆ. ಶಿಷ್ಟರೂಪದ ಅಂಕಣದಲ್ಲಿ ‘ನಾವು’ ಎಂದೇ ಬರೆಯಬೇಕಾಗುತ್ತದೆ, ಬೇರೆ ಪದವಿಲ್ಲ. ಅದಕ್ಕಾಗಿಯೇ ಟಿಪ್ಪಣಿಯಲ್ಲಿ ‘ಕೇಳುವವರನ್ನು ಬಿಟ್ಟು’ ಎಂದು ಸೂಚಿಸಬೇಕು.

ಎರಡನೆಯದು ‘ಐವತ್ತೇಳು’. ಭಾಷಾವಾರು ರಾಜ್ಯಗಳು ರೂಪುಗೊಂಡದ್ದು 1956ರ ನವೆಂಬರ್ 1ರಂದು ಎಂಬುದು ಎಲ್ಲರಿಗೂ ತಿಳಿದಿದೆ. ಹೊಸಬರ ಕೈ ತಾನಾಗಿಯೇ ಇಸವಿಯನ್ನು ತಿದ್ದುತ್ತದೆ, ಅದರ ಜೊತೆಗೆ ಕಣ್ಣೂರನ್ನು ಕೇರಳವೆಂದು ‘ಸ್ಪಷ್ಟಪಡಿಸುತ್ತದೆ’. ಆದರೆ ಪ್ರಶ್ನೆ ಇದ್ದದ್ದು ಜಿಲ್ಲೆಯ ಬಗ್ಗೆ. 1956ರ ನವೆಂಬರ್‌ನಲ್ಲಿ ಕಾಸರಗೋಡು ತಾಲ್ಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳದ ಮಲಬಾರು ಜಿಲ್ಲೆಯ ಭಾಗವಾಯಿತು. ಎರಡು ತಿಂಗಳ ಬಳಿಕ, 1957ರ ಜನವರಿ 1ರಂದು, ಮಲಬಾರು ಜಿಲ್ಲೆಯನ್ನು ಕಣ್ಣೂರು, ಕೋಯಿಕ್ಕೋಡು, ಪಾಲಕ್ಕಾಡು ಎಂದು ಮೂರಾಗಿ ಒಡೆದರು. ಆಗ ಕಾಸರಗೋಡು ಕಣ್ಣೂರಿಗೆ ಬಂತು. 1984ರ ಮೇ 24ರಂದು ಪ್ರತ್ಯೇಕ ಕಾಸರಗೋಡು ಜಿಲ್ಲೆ ಆಗುವವರೆಗೆ ಅದು ಅಲ್ಲಿಯೇ ಇತ್ತು. ಅಂದರೆ ಮಾತನಾಡಿದವರ ನೆನಪು ನಿಖರವಾಗಿತ್ತು. ತಿದ್ದಿದವರ ಸಾಮಾನ್ಯ ಜ್ಞಾನ ಅದನ್ನು ಅಳಿಸಿತು.

ನೆನಪು ನಿಜವಾಗಿಯೂ ತಪ್ಪಿದ್ದರೆ ಏನು ಮಾಡಬೇಕು? ಆಗಲೂ ಮೂಲದಲ್ಲಿ ತಿದ್ದುವಂತಿಲ್ಲ. ಒಬ್ಬರು ಐವತ್ತೆಂಟು ಎಂದಿದ್ದರೆ ಮೂಲದಲ್ಲಿ ಐವತ್ತೆಂಟೇ ಇರಬೇಕು, ದಾಖಲೆಯ ದಿನಾಂಕ ಟಿಪ್ಪಣಿಗೆ ಹೋಗಬೇಕು. ಸರಕಾರದ ಆದೇಶ ಹೊರಟ ದಿನವೂ ಅದರ ಪರಿಣಾಮ ಒಂದು ಮನೆಯ ಹೊಸ್ತಿಲಿಗೆ ತಲುಪಿದ ದಿನವೂ ಒಂದೇ ಆಗಿರಬೇಕಾಗಿಲ್ಲ. ಮೊದಲನೆಯದಕ್ಕೆ ರಾಜ್ಯಪತ್ರವಿದೆ, ಎರಡನೆಯದಕ್ಕೆ ಈ ಮಾತಿನ ಹೊರತು ಬೇರೆ ಸಾಕ್ಷ್ಯವಿಲ್ಲ.

ಇದೇ ಕಾರಣದಿಂದ ಪ್ರಶ್ನೆಯನ್ನು ಕೂಡ ಎಂದಿಗೂ ತೆಗೆಯಬಾರದು. ಸಂದರ್ಶನವನ್ನು ನಿರೂಪಣೆಯಂತೆ ಓದಿಸಬೇಕೆಂಬ ಆಸೆಯಿಂದ ಪ್ರಶ್ನೆಗಳನ್ನು ಅಳಿಸುವ ರೂಢಿ ಪತ್ರಿಕೆಗಳಲ್ಲಿದೆ. ಮೇಲಿನ ಉದಾಹರಣೆಯಲ್ಲಿ ಪ್ರಶ್ನೆ ಅಳಿದಿದ್ದರೆ 1957 ಏಕೆ ಸರಿ ಎಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ಇನ್ನೊಂದು ಬಗೆಯೂ ಇದೆ. ಸಂಗ್ರಾಹಕರು ‘1956ರಲ್ಲಿ ಅಲ್ಲವೇ?’ ಎಂದು ಕೇಳಿ, ಎದುರಿನವರು ‘ಅಪ್ಪು’ ಎಂದಿದ್ದರೆ, ಅಂದರೆ ಹೌದು ಎಂದಿದ್ದರೆ, ಆ ಇಸವಿ ಸಂಗ್ರಾಹಕರದ್ದೇ ಹೊರತು ಉತ್ತರಿಸಿದವರದ್ದಲ್ಲ. ಅತಿಥಿಯ ಮಾತನ್ನು ಅಲ್ಲಗಳೆಯಬಾರದೆಂಬ ಸೌಜನ್ಯವೂ ಆ ‘ಅಪ್ಪು’ವಿನಲ್ಲಿ ಇರಬಹುದು. ಪ್ರಶ್ನೆ ಉಳಿದಿದ್ದರೆ ಮಾತ್ರ ಓದುಗರು ಇದನ್ನು ತೂಗಿ ನೋಡಬಲ್ಲರು.

ಮೂರನೆಯದು ಊರಿನ ಹೆಸರು. ಹೊಸದುರ್ಗ ಎಂದೊಡನೆ ಕರ್ನಾಟಕದವರಿಗೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ನೆನಪಾಗುತ್ತದೆ. ಕಾಸರಗೋಡಿನ ಕನ್ನಡಿಗರಿಗೆ ಹೊಸದುರ್ಗವೆಂದರೆ ಮಲಯಾಳದಲ್ಲಿ ಕಾಞಂಗಾಡು ಎಂದು ಕರೆಯುವ ಪಟ್ಟಣ. ತಾಲ್ಲೂಕಿನ ಹೆಸರಾಗಿ ಅದು ಇಂದಿಗೂ ಸರಕಾರಿ ದಾಖಲೆಯಲ್ಲಿದೆ. ಊರಿನ ಹೆಸರಿಗೆ ಆವರಣದಲ್ಲಿ ಸೇರಿಸಿದ ಎರಡು ಪದಗಳು ಒಬ್ಬ ತಂದೆಯ ಪ್ರಯಾಣವನ್ನು ಬೇರೊಂದು ರಾಜ್ಯಕ್ಕೆ ತಿರುಗಿಸಿಬಿಟ್ಟವು. ಇದರ ಎದುರು ತಪ್ಪೂ ಅಷ್ಟೇ ಸಾಮಾನ್ಯ: ಭೂಪಟದಲ್ಲಿ ಹುಡುಕಿ ‘ಹೊಸದುರ್ಗ’ವನ್ನು ‘ಕಾಞಂಗಾಡು’ ಎಂದು ಬದಲಿಸುವುದು. ಮಾತನಾಡಿದವರು ಯಾವ ಹೆಸರನ್ನು ಆರಿಸಿದರು ಎಂಬುದೇ ಒಂದು ಮಾಹಿತಿ. ಅದೇ ವ್ಯಕ್ತಿ ಒಂದೇ ಸಂದರ್ಶನದಲ್ಲಿ ಎರಡೂ ಹೆಸರುಗಳನ್ನು ಬಳಸಿದ್ದರೆ ಎರಡನ್ನೂ ಹಾಗೆಯೇ ಇಡಬೇಕು, ಏಕರೂಪಕ್ಕೆ ತರಬಾರದು.

ನಾಲ್ಕನೆಯದು ‘ಅಬ್ಬೆ … ಹೇಳಿತ್ತು’. ಅಬ್ಬೆ ಎಂದರೆ ತಾಯಿ. ತಾಯಿಗೆ ನಪುಂಸಕಲಿಂಗದ ಕ್ರಿಯಾಪದ ಬಂದಿರುವುದನ್ನು ಕಂಡು ಹೊಸಬರು ಅದನ್ನು ಅಗೌರವವೆಂದೋ ತಪ್ಪೆಂದೋ ಭಾವಿಸುತ್ತಾರೆ. ಹವ್ಯಕ ಕನ್ನಡದಲ್ಲಿ ಏಕವಚನದ ಸ್ತ್ರೀವಾಚಕಕ್ಕೆ ‘ಅದು ಬಂತು’ ಎಂಬ ಬಗೆಯ ರೂಪವೇ ವಾಡಿಕೆ, ಅದರಲ್ಲಿ ಅಗೌರವವಿಲ್ಲ. ಮಡಕಶಿರ, ರಾಯದುರ್ಗದ ಕಡೆಯ ಓದುಗರಿಗೆ ಇದು ವಿಚಿತ್ರವೆನಿಸಲಾರದು. ಅವರ ನೆರೆಯ ತೆಲುಗಿನಲ್ಲಿಯೂ ಹೆಂಗಸು ಬಂದಾಗ ಮತ್ತು ದನ ಬಂದಾಗ ಕ್ರಿಯಾಪದ ಒಂದೇ. ‘ಹೇಳಿತ್ತು’ ಎಂಬುದರಲ್ಲಿ ಇನ್ನೊಂದು ಬಲೆಯೂ ಇದೆ. ಶಿಷ್ಟ ಕನ್ನಡದ ಕಿವಿಗೆ ಅದು ‘ಮೊದಲೇ ಹೇಳಿತ್ತು’ ಎಂಬ ಅರ್ಥವನ್ನು ಕೊಡುತ್ತದೆ. ಇಲ್ಲಿ ಅದು ಸರಳ ಭೂತಕಾಲ. ‘ಹೇಳಿದ್ದಳು’ ಎಂದು ತಿದ್ದಿದವರು ಲಿಂಗದ ಜೊತೆಗೆ ಕಾಲವನ್ನೂ ಬದಲಿಸಿದರು. ತಂದೆ ಹೊರಟಾಗ ತಾಯಿ ತಡೆದಳು ಎಂಬುದು, ತಾಯಿ ಮೊದಲೇ ತಡೆದಿದ್ದರೂ ತಂದೆ ಹೋದ ಎಂದಾಯಿತು. ಹಾಗೆಯೇ ‘ಹೇಳಿ ಹೇಳಿತ್ತು’ ಎಂಬುದು ಎರಡು ಬಾರಿ ಬೆರಳಚ್ಚಾದದ್ದಲ್ಲ. ಮೊದಲನೆಯ ‘ಹೇಳಿ’ ಶಿಷ್ಟ ಕನ್ನಡದ ‘ಎಂದು’ ಮಾಡುವ ಕೆಲಸವನ್ನು ಮಾಡುತ್ತದೆ. ‘ತಪ್ಪಲೆ’ ಎಂಬುದಕ್ಕೆ ಅಡುಗೆಯ ಪಾತ್ರೆಯೊಡನೆ, ತಪ್ಪಿಸುವುದರೊಡನೆ ಸಂಬಂಧವಿಲ್ಲ; ಅದು ‘ತರಲು’.

ಕೊನೆಯದು ಆ ಚಿಕ್ಕ ವೃತ್ತ. ‘ಅಪ್ಪ°’, ‘ಹೋದ°’, ‘ಸೇರಿದೆಯೊ°’ ಎಂಬಲ್ಲಿ ಕಾಣುವುದು ಉಷ್ಣಾಂಶವನ್ನು ಬರೆಯಲು ಬಳಸುವ ಡಿಗ್ರಿ ಚಿಹ್ನೆ. ಪದದ ಕೊನೆಯ ಸ್ವರ ಮೂಗಿನಲ್ಲಿ ಮುಗಿಯುವುದನ್ನು ಸೂಚಿಸಲು ಹವ್ಯಕದಲ್ಲಿ ಬರೆಯುವವರು ಅದನ್ನು ರೂಢಿಗೆ ತಂದಿದ್ದಾರೆ. ಹಳಗನ್ನಡದ ‘ಅರಸಂ’, ‘ಬಂದಂ’ ಎಂಬ ರೂಪಗಳ ಕೊನೆಯ ಅನುಸ್ವಾರವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಇದು ಅಲಂಕಾರಕ್ಕೆ ಇಟ್ಟದ್ದೂ ಅಲ್ಲ. ‘ಹೋದ°’ ಎಂದರೆ ಅವನು ಹೋದನು. ಚಿಹ್ನೆಯಿಲ್ಲದ ‘ಹೋದ’ ಎಂಬುದು ‘ಹೋದ ದಾರಿ’, ‘ಹೋದ ವರ್ಷ’ ಎಂಬಲ್ಲಿನ ವಿಶೇಷಣ. ಚಿಹ್ನೆ ಬಿದ್ದರೆ ಈ ಭೇದವೂ ಬೀಳುತ್ತದೆ.

ಚಿಹ್ನೆ ಬೀಳುವುದು ಹೆಚ್ಚಾಗಿ ಮನುಷ್ಯರ ಉದ್ದೇಶದಿಂದಲ್ಲ, ಉಪಕರಣಗಳಿಂದ. ಕಾಗುಣಿತ ಪರೀಕ್ಷಕವು ಅದನ್ನು ಕಸವೆಂದು ತೆಗೆಯಬಹುದು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲಿಸುವಾಗ ಅದು ಸೊನ್ನೆಯಾಗಬಹುದು. ಒಳ್ಳೆಯ ಮನಸ್ಸಿನಿಂದ ಯಾರಾದರೂ ಅದನ್ನು ಅನುಸ್ವಾರವೆಂದು ಒಟ್ಟಿಗೆ ಬದಲಿಸಬಹುದು. ಆದುದರಿಂದ ‘ಹುಡುಕಿ ಬದಲಿಸು’ ಎಂಬ ಆಜ್ಞೆಯನ್ನು ಮೂಲದ ಅಂಕಣದ ಮೇಲೆ ಎಂದಿಗೂ ಪ್ರಯೋಗಿಸಬಾರದು. ಪರೀಕ್ಷಿಸುವ ವಿಧಾನ ಸುಲಭ: ಕಡತವನ್ನು ತೆರೆದ ಕೂಡಲೇ ° ಎಷ್ಟು ಬಾರಿ ಬಂದಿದೆ ಎಂದು ಹುಡುಕಿ ಎಣಿಕೆಯನ್ನು ಬರೆದಿಟ್ಟುಕೊಳ್ಳಬೇಕು, ಕೆಲಸ ಮುಗಿಸಿ ಮುಚ್ಚುವ ಮೊದಲು ಮತ್ತೆ ಎಣಿಸಬೇಕು. ಮೇಲಿನ ಉತ್ತರದಲ್ಲಿ ಅದು ಮೂರು ಬಾರಿ ಇದೆ. ಎರಡೇ ಸಿಕ್ಕಿದರೆ ಎಲ್ಲಿಯೋ ಏನೋ ಬದಲಾಗಿದೆ ಎಂದರ್ಥ. ಹಿಂದಿನ ಪ್ರತಿಗೆ ಮರಳಬೇಕು.

ಹಾಗಾದರೆ ಮೂಲದ ಅಂಕಣದಲ್ಲಿ ನಿಜವಾದ ಬೆರಳಚ್ಚಿನ ತಪ್ಪಿದ್ದರೆ ಅದು ಹಾಗೆಯೇ ಉಳಿಯಬೇಕೇ? ಉಳಿಯಬೇಕಾಗಿಲ್ಲ. ಆದರೆ ಅಲ್ಲಿ ಬದಲಾವಣೆಗೆ ಒಂದೇ ಆಧಾರ, ಧ್ವನಿ. ಬರೆದದ್ದು ಕೇಳಿದ್ದಕ್ಕೆ ಹೊಂದದಿದ್ದರೆ ಮಾತ್ರ ತಿದ್ದುಪಡಿಯ ಪ್ರಶ್ನೆ ಏಳುತ್ತದೆ. ಬರೆದದ್ದು ವ್ಯಾಕರಣಕ್ಕೆ ಹೊಂದದಿದ್ದರೆ ಅಲ್ಲ. ಇಂಟರ್ನ್ ತಾನೇ ತಿದ್ದದೆ, ಧ್ವನಿಕಡತದಲ್ಲಿ ಆ ಮಾತು ಬರುವ ನಿಮಿಷ ಮತ್ತು ಸೆಕೆಂಡು, ಈಗಿರುವ ರೂಪ, ತನಗೆ ಕೇಳಿಸಿದ ರೂಪ, ಈ ಮೂರನ್ನು ಟಿಪ್ಪಣಿಯಲ್ಲಿ ಬರೆಯಬೇಕು. ಆ ಮಾತನ್ನು ಮನೆಯಲ್ಲಿ ಆಡುವ ಇನ್ನೊಬ್ಬರು ಕೇಳಿ ಒಪ್ಪಿದ ಬಳಿಕ ಬದಲಾವಣೆ ಆಗಬೇಕು, ಹಳೆಯ ರೂಪವೂ ದಾಖಲೆಯಲ್ಲಿ ಉಳಿಯಬೇಕು. ಧ್ವನಿ ಅಸ್ಪಷ್ಟವಾಗಿದ್ದರೆ ಊಹಿಸಿ ತುಂಬದೆ ‘ಕೇಳಿಸುವುದಿಲ್ಲ’ ಎಂದು ಗುರುತು ಹಾಕಬೇಕು. ಕೈಬರಹದ ಪತ್ರವಾದರೆ ಧ್ವನಿಯ ಸ್ಥಾನದಲ್ಲಿ ಪತ್ರದ ಛಾಯಾಚಿತ್ರ ಇರುತ್ತದೆ; ಬರೆದವರ ಕಾಗುಣಿತವೇ ಅಲ್ಲಿ ಮೂಲ.

ಉದಾಹರಣೆ ಹವ್ಯಕದ್ದಾದರೂ ಎಚ್ಚರ ಎಲ್ಲ ಗಡಿಗಳಿಗೂ ಬೇಕು. ಸೊಲ್ಲಾಪುರದಿಂದ ಬಂದ ಒಂದು ನೆನಪಿನಲ್ಲಿ ‘ಅಪ್ಪ ಗಿರಣ್ಯಾಗ ಇದ್ದ, ಪಗಾರ ಆದ ದಿನ ಮನಿಗಿ ಲಗೂನ ಬರ್ತಿದ್ದ’ ಎಂಬಂಥ ವಾಕ್ಯವಿದ್ದರೆ, ಹೊಸಬರು ‘ಗಿರಣಿ’ಗೆ ಹಿಟ್ಟಿನ ಗಿರಣಿ ಎಂದು ವಿವರಣೆ ಸೇರಿಸುತ್ತಾರೆ. ಆ ಊರು ಬಟ್ಟೆ ಗಿರಣಿಗಳ ಊರು. ಮರಾಠಿಯಲ್ಲಿಯಂತೆ ಅಲ್ಲಿನ ಕನ್ನಡದಲ್ಲಿಯೂ ‘ಗಿರಣಿ’ ಎಂದರೆ ನೂಲು, ಬಟ್ಟೆಯ ಕಾರ್ಖಾನೆ. ‘ಪಗಾರ’ವನ್ನು ‘ಮರಾಠಿ ಪ್ರಭಾವ’ವೆಂದು ಗುರುತಿಸಿ ‘ಸಂಬಳ’ವಾಗಿಸುವುದೂ ಆತುರದ ಕೆಲಸ, ಆ ಪದ ಕರ್ನಾಟಕದೊಳಗಿನ ಧಾರವಾಡ, ಕಲಬುರಗಿಗಳಲ್ಲೂ ದಿನಬಳಕೆಯದು.

ವಿವರಪಟ್ಟಿಯಲ್ಲಿಯೂ ಮುಟ್ಟಬಾರದ ಒಂದು ಸಾಲಿದೆ: ಮನೆಮಾತು. ನೀಲಗಿರಿಯಿಂದ ಬಂದ ದಾಖಲೆಯಲ್ಲಿ ಮಾತನಾಡಿದವರು ‘ಬಡಗ’ ಎಂದು ಬರೆಸಿದ್ದರೆ ಅದನ್ನು ‘ಕನ್ನಡ’ ಎಂದೋ ‘ಕನ್ನಡದ ಉಪಭಾಷೆ’ ಎಂದೋ ಬದಲಿಸಬಾರದು. ಜನಗಣತಿಯು ಬಡಗವನ್ನು ಕನ್ನಡದ ಅಡಿಯಲ್ಲಿ ಎಣಿಸುತ್ತದೆ; ಅದನ್ನು ಪ್ರತ್ಯೇಕ ಭಾಷೆಯೆಂದು ಪರಿಗಣಿಸುವ ಭಾಷಾಶಾಸ್ತ್ರಜ್ಞರಿದ್ದಾರೆ; ಆ ಸಮುದಾಯದಲ್ಲಿಯೂ ಈ ಬಗ್ಗೆ ದೃಢವಾದ ಅಭಿಪ್ರಾಯಗಳಿವೆ. ಈ ಚರ್ಚೆಗೆ ಪತ್ರಿಕೆಯ ಲೇಖನಗಳಲ್ಲಿ ಜಾಗವಿದೆ. ಒಬ್ಬರು ತಮ್ಮ ಮಾತಿಗೆ ತಾವೇ ಕೊಟ್ಟ ಹೆಸರಿನ ಸಾಲಿನಲ್ಲಿ ಇಲ್ಲ. ರಾಜ್ಯದ ಗಡಿಯನ್ನು ಗುರುತಿಸಿದವರು ತಮ್ಮ ಊರಿಗೆ ಹೆಸರಿಟ್ಟಾಗ ಆದ ನೋವನ್ನು ಬಲ್ಲ ಸಮುದಾಯಗಳ ಪತ್ರಿಕೆ ಇನ್ನೊಬ್ಬರ ವಿಷಯದಲ್ಲಿ ಅದೇ ಕೆಲಸವನ್ನು ಮಾಡಬಾರದು.

ಹೊಸಬರು ಮೊದಲ ತಿಂಗಳಲ್ಲಿ ಒಪ್ಪಿಸಬೇಕಾದದ್ದು ತಿದ್ದಿದ ಪುಟಗಳನ್ನಲ್ಲ, ಪ್ರಶ್ನೆಗಳ ಪಟ್ಟಿಯನ್ನು. ಮೇಲಿನ ಮೂರು ವಾಕ್ಯಗಳ ದಾಖಲೆ ಅವರ ಮುಂದೆ ಬಂದರೆ ಮೂಲದ ಅಂಕಣ ಬಂದಂತೆಯೇ ಇರಬೇಕು. ಶಿಷ್ಟರೂಪದಲ್ಲಿ ‘ಐವತ್ತೇಳರಲ್ಲಿ ನಾವು ಕಣ್ಣೂರಿಗೆ ಸೇರಿದೆವು. ಅಪ್ಪ ಕಾಗದಪತ್ರ ತರಲು ಹೊಸದುರ್ಗಕ್ಕೆ ಹೋದ. ಅಮ್ಮ ಬೇಡವೆಂದು ಹೇಳಿದಳು’ ಎಂದಿರಬೇಕು. ಟಿಪ್ಪಣಿಯಲ್ಲಿ ನಾಲ್ಕು ಸಾಲುಗಳು ಸಾಕು: ನಾವು ಎಂದರೆ ಕೇಳುವವರನ್ನು ಬಿಟ್ಟು, ಜಿಲ್ಲೆಯ ವಿಭಜನೆ 1957ರ ಜನವರಿ 1, ಹೊಸದುರ್ಗ ಎಂದರೆ ಕಾಞಂಗಾಡು, ಯಾವ ಕಾಗದಪತ್ರ ಎಂಬುದನ್ನು ಸಂಗ್ರಾಹಕರು ಮುಂದಿನ ಭೇಟಿಯಲ್ಲಿ ಕೇಳಬೇಕು. ಈ ನಾಲ್ಕನೆಯ ಸಾಲನ್ನು ತಾವಾಗಿಯೇ ಬರೆಯಲು ಕಲಿತವರ ಕೈಗೆ ಸರದಿಯನ್ನು ಒಪ್ಪಿಸಬಹುದು. ಪಠ್ಯದಲ್ಲಿ ಏನನ್ನು ತಿದ್ದಬೇಕು ಎಂಬ ಯೋಚನೆಯಿಂದ, ಆಡಿದವರನ್ನು ಇನ್ನೇನು ಕೇಳಬೇಕು ಎಂಬ ಯೋಚನೆಗೆ ಅವರು ಆಗಲೇ ದಾಟಿರುತ್ತಾರೆ.